ಗುಂಡಿ ಎಷ್ಟು ಸಲ ಖಾಲಿಯಾಗುತ್ತದೆ?

(ಶಿರಸಿ ತಾಲೂಕಿನ ಹಳ್ಳಿಯೊಂದರ ಸಹಕಾರಿ ಸಂಘದ ಸಭಾಭವನದಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ ಮಳೆನೀರು ಇಂಗಿಸುವ ಬಗ್ಗೆ ಅಡಿಕೆ ಬೆಳೆಗಾರರ ಎದುರು ಆಡಿದ ಮಾತುಗಳ ಬರಹ ರೂಪ. ಕರಿಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ವಾಕ್ಯಗಳಾಗಿ ಬಿಡಿಸಿದ್ದೇನೆ. ಕರೆಂಟು ಹೋದಾಗಿನ ಹರಟೆಯನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕವಳದ ತಟ್ಟೆ ಹಿಂದಿನ ಸಾಲಿನವರೆಗೂ ಬಂದಿದೆ ಎಂದುಕೊಂಡು ಶುರು ಮಾಡುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 2,500 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳೋಣ. ಬನವಾಸಿಯ ಕಡೆಯವರು ಇದರಲ್ಲಿ ಕಳೆಯಬೇಕು, ದೇವಿಮನೆ ಘಟ್ಟದ ಕಡೆಯವರು ಕೂಡಿಸಬೇಕು. ಗುಣಿಸಿದರೆ ಎಕರೆಗೆ ಒಂದು ಕೋಟಿ ಲೀಟರ್ ನೀರು ಬರುತ್ತದೆ. ಒಂದು ಎಕರೆ ತೋಟ, ಅದರ ಮೇಲೆ ಆರು ಎಕರೆ ಸೊಪ್ಪಿನಬೆಟ್ಟ ಇರುವ ಮನೆಯವನ ತಲೆಯ ಮೇಲೆ ಪ್ರತಿ ವರ್ಷ ಏಳು ಕೋಟಿ ಲೀಟರ್ ಸುರಿದು ಹೋಗುತ್ತದೆ. ಅದೇ ಮನೆಯವನು ಮಾರ್ಚಿ ತಿಂಗಳಲ್ಲಿ ಬಾವಿಯ ಕಟ್ಟೆಯ ಮೇಲೆ ಕುಳಿತು ಕೆಸರು ನೋಡುತ್ತಿರುತ್ತಾನೆ. ಆ ಮನೆ ನಮ್ಮದು. ಇವತ್ತು ಹೇಳುವುದೆಲ್ಲ ಆ ಜಾಗದ ಕತೆಯೇ.

ಬಾವಿ ಬತ್ತಿದಾಗ ಎಲ್ಲರಿಗೂ ಮೊದಲು ಹೊಳೆಯುವುದು ಕೃಷಿಹೊಂಡ. ನನಗೂ ಹಾಗೇ ಹೊಳೆಯಿತು. ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳ. ಗೋಡೆ ಕುಸಿಯದಂತೆ ನಾಲ್ಕೂ ಕಡೆ ಇಳಿಜಾರು ಕೊಟ್ಟರೆ ತಳದಲ್ಲಿ ನಾಲ್ಕು ಮೀಟರ್ ಉಳಿಯುತ್ತದೆ. ಇದು ಹಿಡಿಯುವುದು ಸುಮಾರು 1 ಲಕ್ಷ 56 ಸಾವಿರ ಲೀಟರ್. ಕೇಳಲು ದೊಡ್ಡದು. ಆದರೆ ಎಕರೆಗೆ 550 ಅಡಿಕೆ ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ ದಿನಕ್ಕೆ 11,000 ಲೀಟರ್ ಬೇಕು. ಹೊಂಡದ ನೀರು ಹದಿನಾಲ್ಕು ದಿನಕ್ಕೆ ಮುಗಿಯಿತು. ಬಿಸಿಲಿಗೆ ಆರುವುದನ್ನು ನಾನಿನ್ನೂ ಕಳೆದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆರಿದರೂ ಜನವರಿಯಿಂದ ಮೇ ಮುಗಿಯುವುದರೊಳಗೆ ಎರಡು ಅಡಿ ನೀರು ಆಕಾಶಕ್ಕೆ ಹೋಗಿರುತ್ತದೆ.

ಹೊಂಡ ಬೇಡ ಎಂದು ಹೇಳುತ್ತಿಲ್ಲ. ಎರಡು ವಾರದ ನೀರು ಏಪ್ರಿಲ್ ಕೊನೆಯಲ್ಲಿ ಮರ ಉಳಿಸುತ್ತದೆ. ಆದರೆ ಅದು ಕಿಸೆಯಲ್ಲಿಟ್ಟುಕೊಳ್ಳುವ ಚಿಲ್ಲರೆ ಹಣ. ಖಜಾನೆ ಬೇರೆ ಇದೆ.

ಖಜಾನೆ ಇರುವುದು ಬೆಟ್ಟದ ಮಣ್ಣಿನೊಳಗೆ. ಆರು ಎಕರೆ ಬೆಟ್ಟದಲ್ಲಿ ಸರಾಸರಿ ಮೂರು ಮೀಟರ್ ಮಣ್ಣು ಇದೆ, ಅದರ ಗಾತ್ರದ ಹತ್ತನೇ ಒಂದು ಪಾಲಿನಷ್ಟು ನೀರು ಬಸಿದು ಹೊರಬರಬಲ್ಲದು ಎಂದು ಹಿಡಿದರೆ, ಏಳು ಸಾವಿರ ಘನ ಮೀಟರ್, ಅಂದರೆ ಎಪ್ಪತ್ತು ಲಕ್ಷ ಲೀಟರ್‌ಗೂ ಮೇಲೆ. ನಾವು ಅಗೆಯದೆ, ಪ್ಲಾಸ್ಟಿಕ್ ಹಾಸದೆ ಸಿಕ್ಕಿರುವ ಟ್ಯಾಂಕು ಅದು. ಅದರ ದೋಷ ಒಂದೇ, ತಳ ಸೋರುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಆಗಸ್ಟಿನಲ್ಲಿ ತೋಟದ ಮೇಲಂಚಿನಲ್ಲೆಲ್ಲ ಒರತೆ ಜಿನುಗುವುದು, ಡಿಸೆಂಬರಿನಲ್ಲಿ ಅದೇ ಒರತೆ ನಿಂತುಹೋಗುವುದು, ಇವೆರಡೂ ಆ ಟ್ಯಾಂಕು ಸೋರುತ್ತಿರುವುದರ ಗುರುತು. ಹಾಗಾಗಿ ನಮ್ಮ ಕೆಲಸ ಎರಡು. ಬೆಟ್ಟ ಕುಡಿಯಬಲ್ಲಷ್ಟು ದಿನ ಕುಡಿಸುವುದು, ಅದು ಬಿಡುವುದನ್ನು ಕೆಳಗೆ ತಡವಾಗಿಸುವುದು.

ಕುಡಿಸುವ ಕೆಲಸದಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಹೇಳುತ್ತೇನೆ. ಪುಸ್ತಕ ನೋಡಿ ಸಮಪಾತಳಿ ಬದು ಹಾಕಿಸಿದೆ. ಬೆಟ್ಟದ ಒಂದೇ ಎತ್ತರದಲ್ಲಿ, ಆ ತುದಿಯಿಂದ ಈ ತುದಿಯವರೆಗೆ ಅರವತ್ತು ಮೀಟರ್ ಉದ್ದದ ಕಂದಕ, ಅದರ ಕೆಳಬದಿಯಲ್ಲಿ ಅದೇ ಮಣ್ಣಿನ ಬದು. ಜೆಸಿಬಿಯವನು ಅರ್ಧ ದಿನದಲ್ಲಿ ಮುಗಿಸಿದ. ಕಣ್ಣಿಗೆ ಚೆಂದವಾಗಿತ್ತು. ಆರಿದ್ರಾ ಮಳೆಗೆ ತುಂಬಿತು, ನಾನು ಕೊಡೆ ಹಿಡಿದು ಹೋಗಿ ಫೋಟೊ ತೆಗೆದೆ. ಪುಷ್ಯ ಮಳೆಗೆ ಒಡೆಯಿತು. ಒಡೆದ ಜಾಗ ಎರಡು ಮಾರು ಅಗಲ ಇರಲಿಲ್ಲ. ಆದರೆ ಅರವತ್ತು ಮೀಟರ್‌ನ ನೀರೆಲ್ಲ ಅದೊಂದೇ ಬಾಯಿಯಿಂದ ಇಳಿದು ಬಂದು ತೋಟದ ಬಸಿಗಾಲುವೆಯನ್ನು ಮಣ್ಣಿನಿಂದ ಮುಚ್ಚಿಹಾಕಿತು. ಆ ಮಳೆಗಾಲ ತೋಟದಲ್ಲಿ ನೀರು ನಿಂತು ಬೇರು ಕೊಳೆಯದಂತೆ ಕಾಲುವೆ ಬಿಡಿಸುವುದರಲ್ಲೇ ಕಳೆಯಿತು.

ಯಾಕೆ ಒಡೆಯಿತು? ಎರಡು ಕಾರಣ. ಒಂದು, ಆ ಪಾಠ ಬಯಲುಸೀಮೆಯದು. ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆಯಾಗುವ, ಇಳಿಜಾರು ಕಡಿಮೆ ಇರುವ ಹೊಲಗಳಲ್ಲಿ ಬಿದ್ದ ನೀರನ್ನೆಲ್ಲ ಬದುವಿನ ಹಿಂದೆ ನಿಲ್ಲಿಸಿದರೆ ನಡೆಯುತ್ತದೆ. ನಮ್ಮಲ್ಲಿ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಬರುವುದುಂಟು. ಹೆಚ್ಚು ಮಳೆಯ ಸೀಮೆಗೆ ಹೇಳಿರುವುದು ಸಮಪಾತಳಿ ಬದುವಲ್ಲ, ಇಳಿಜಾರು ಬದು. ಅದು ಸಮಮಟ್ಟದಲ್ಲಿ ಮಲಗಿರುವುದಿಲ್ಲ. ಹತ್ತು ಮೀಟರ್ ಹೋದರೆ ಎರಡರಿಂದ ನಾಲ್ಕು ಸೆಂಟಿಮೀಟರ್ ಇಳಿಯುತ್ತದೆ. ನೀರು ನಿಲ್ಲದೆ ನಿಧಾನವಾಗಿ ಬದಿಗೆ ನಡೆದು, ಕಲ್ಲು ಹಾಸಿದ ಕೋಡಿಯಿಂದ ಹಳ್ಳಕ್ಕೆ ಇಳಿಯುತ್ತದೆ. ಎರಡನೆಯ ಕಾರಣ ಮಟ್ಟ. ಜೆಸಿಬಿಯವನು ಕಣ್ಣಳತೆಯಲ್ಲಿ ತೆಗೆದಿದ್ದ. ಆಮೇಲೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದರೆ, ಒಡೆದ ಜಾಗದಲ್ಲಿ ಬದುವಿನ ನೆತ್ತಿ ಉಳಿದ ಕಡೆಗಿಂತ ಒಂದು ಗೇಣು ತಗ್ಗಾಗಿತ್ತು. ಉದ್ದದ ಬದುವಿನಲ್ಲಿ ಒಂದು ಕಡೆಯ ಒಂದು ಗೇಣು ತಪ್ಪಿಗೆ ಇಡೀ ಬದುವಿನ ನೀರು ದಂಡ ಕಟ್ಟುತ್ತದೆ.

ಅದಕ್ಕೇ ಈಗ ನಾನು ಉದ್ದ ತೆಗೆಯುವುದಿಲ್ಲ. ತುಂಡು ತುಂಡು ಇಂಗುಗುಂಡಿ. ಪ್ರತಿಯೊಂದೂ ನಾಲ್ಕು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ಮೇಲಿನ ಸಾಲಿನಲ್ಲಿ ಎರಡು ಗುಂಡಿಗಳ ನಡುವೆ ಬಿಟ್ಟ ಜಾಗದ ನೇರ ಕೆಳಗೆ ಮುಂದಿನ ಸಾಲಿನ ಗುಂಡಿ ಬರಬೇಕು. ಒಂದರ ಮಟ್ಟ ತಪ್ಪಿದರೆ ಅದೊಂದೇ ಉಕ್ಕುತ್ತದೆ, ಕೆಳಗಿನದು ಹಿಡಿದುಕೊಳ್ಳುತ್ತದೆ. ಅಗೆದ ಮಣ್ಣನ್ನು ಕೆಳಬದಿಗೆ, ಗುಂಡಿಯ ಅಂಚಿನಿಂದ ಒಂದು ಅಡಿ ಬಿಟ್ಟು ಹಾಕಿ, ಅದರ ಮೇಲೆ ಲಾವಂಚ ನೆಟ್ಟಿದ್ದೇನೆ. ಮಟ್ಟಕ್ಕೆ ಪೈಪು ಸಾಕು. ಇಬ್ಬರು ಪೈಪಿನ ಒಂದೊಂದು ತುದಿಯನ್ನು ಗೂಟಕ್ಕೆ ಹಿಡಿದು, ಒಳಗೆ ಗಾಳಿಗುಳ್ಳೆ ಇಲ್ಲವೆಂದು ನೋಡಿಕೊಂಡರೆ ಯಾವ ಇಂಜಿನಿಯರನೂ ಬೇಡ.

ಈಗ ಕರಿಹಲಗೆಯ ಮೇಲಿನ ಮುಖ್ಯ ಲೆಕ್ಕ. ಇಂಥ ಒಂದು ಗುಂಡಿ ಹಿಡಿಯುವುದು ಒಂದು ಘನ ಮೀಟರ್, ಸಾವಿರ ಲೀಟರ್. ನಮ್ಮಲ್ಲಿ ಎಂಬತ್ತು ಗುಂಡಿಗಳಿವೆ. ಒಟ್ಟಿಗೆ ಹಿಡಿಯುವುದು ಎಂಬತ್ತು ಸಾವಿರ ಲೀಟರ್, ಆಗ ಹೇಳಿದ ಕೃಷಿಹೊಂಡದ ಅರ್ಧ. ನೋಡಿದವರು ನಗುತ್ತಾರೆ. ಆದರೆ ಹೊಂಡ ವರ್ಷಕ್ಕೆ ಒಮ್ಮೆ ತುಂಬುತ್ತದೆ. ಗುಂಡಿ ತುಂಬಿ, ಇಂಗಿ, ಖಾಲಿಯಾಗಿ, ಮತ್ತೆ ತುಂಬುತ್ತದೆ. ಒಂದು ಮಳೆಗಾಲದಲ್ಲಿ ಐವತ್ತು ಸಲ ಹಾಗಾದರೆ ನಲವತ್ತು ಲಕ್ಷ ಲೀಟರ್. ಹಾಗಾಗಿ ಗುಂಡಿಯನ್ನು ನೋಡಲು ಬಂದವರು ಎಷ್ಟು ದೊಡ್ಡದು ಎಂದು ಕೇಳಿದರೆ ನಾನು ಎಷ್ಟು ಸಲ ಖಾಲಿಯಾಗುತ್ತದೆ ಎಂದು ಉತ್ತರ ಕೊಡುತ್ತೇನೆ. ತುಂಬಿ ತುಳುಕುತ್ತಿರುವ ಇಂಗುಗುಂಡಿಯ ಫೋಟೊ ಪತ್ರಿಕೆಯಲ್ಲಿ ಬಂದರೆ ನನಗೆ ಅನುಮಾನ. ಮಳೆ ನಿಂತ ಮಾರನೇ ದಿನ ಅದು ಹೇಗಿತ್ತು ಎಂದು ತೋರಿಸಿದವರಿಲ್ಲ.

ಅಗೆಯುವ ಮೊದಲೇ ಇದನ್ನು ತಿಳಿಯಬಹುದು. ಗುಂಡಿ ಬರಬೇಕಾದ ಜಾಗದಲ್ಲಿ ಒಂದಡಿ ಆಳದ, ಒಂದಡಿ ಅಗಲದ ಕುಳಿ ತೆಗೆದು ನೀರು ತುಂಬಿ. ಮೊದಲ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಣ ಮಣ್ಣು ಸುಳ್ಳು ಹೇಳುತ್ತದೆ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು, ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ನೋಡಿ. ಒಂದು ಇಂಚು ಇಳಿದರೆ ಅರ್ಧ ಮೀಟರ್ ಆಳದ ಗುಂಡಿ ಒಂದು ದಿನದೊಳಗೆ ಬರಿದಾಗುತ್ತದೆ, ಅಲ್ಲಿ ಅಗೆಯಿರಿ. ಕಾಲು ಇಂಚೂ ಇಳಿಯದಿದ್ದರೆ ಮೂರು ದಿನಕ್ಕೂ ಖಾಲಿಯಾಗದು, ಆ ಕೂಲಿಯನ್ನು ಬೇರೆ ಕಡೆ ಹಾಕಿ. ಮೇ ತಿಂಗಳ ಸುಡುನೆಲದಲ್ಲಿ ಮಾಡುವುದಕ್ಕಿಂತ ಜೂನಿನ ಎರಡು ಮಳೆ ಬಿದ್ದ ಮೇಲೆ ಮಾಡಿದ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ.

ಚೆನ್ನಾಗಿ ಇಂಗುತ್ತಿದ್ದ ಗುಂಡಿಯೂ ಎರಡನೇ ವರ್ಷಕ್ಕೆ ಸೋಮಾರಿಯಾಗುತ್ತದೆ. ಮೇಲಿಂದ ಬಂದ ನೀರಿನ ನುಣುಪು ಮಣ್ಣು ತಳದಲ್ಲಿ ಕುಳಿತು ಉಗುರಿನಷ್ಟು ದಪ್ಪದ ಗಿಲಾಯಿ ಮಾಡಿಬಿಡುತ್ತದೆ. ಮಳೆ ಬಿಟ್ಟು ಎರಡು ದಿನವಾದರೂ ಕೆಂಪು ನೀರು ನಿಂತಿದೆ, ಅದರಲ್ಲಿ ಸೊಳ್ಳೆ ಮರಿ ಆಡುತ್ತಿವೆ ಎಂದರೆ ಹಾಗಾಗಿದೆ ಎಂದೇ ಅರ್ಥ. ಬೇಸಿಗೆಯಲ್ಲಿ ಆ ಪದರವನ್ನು ಹಾರೆಯಿಂದ ಕೆರೆದು ತೆಗೆದು, ತಳದಲ್ಲಿ ಒಂದು ಬುಟ್ಟಿ ದರಕು, ಅಂದರೆ ಉದುರಿದ ಒಣ ಎಲೆ, ಹಾಕಿದರೆ ಮುಂದಿನ ಮಳೆಗೆ ಬಾಯಿ ತೆರೆಯುತ್ತದೆ.

ದರಕಿನ ಮಾತು ಬಂದದ್ದಕ್ಕೆ ಇಲ್ಲೊಂದು ಅಪ್ರಿಯ ವಿಷಯ. ನಾವು ಫೆಬ್ರುವರಿಯಲ್ಲಿ ಬೆಟ್ಟದ ದರಕನ್ನೆಲ್ಲ ಗುಡಿಸಿ ಕೊಟ್ಟಿಗೆಗೆ ತರುತ್ತೇವೆ. ಗುಡಿಸಿದ ನೆಲದ ಮೇಲೆ ಜೂನಿನ ಮೊದಲ ದೊಡ್ಡ ಹನಿಗಳು ನೇರವಾಗಿ ಬಡಿದು, ಮೇಲ್ಮಣ್ಣನ್ನು ಕದಡಿ, ಅದರ ಸಣ್ಣ ಕಣ್ಣುಗಳನ್ನು ಮುಚ್ಚುತ್ತವೆ. ಆಮೇಲೆ ಬೆಟ್ಟ ಸಿಮೆಂಟಿನ ಅಂಗಳವಾಗುತ್ತದೆ. ಗೊಬ್ಬರಕ್ಕೆ ದರಕು ಬೇಕು, ನನಗೂ ಬೇಕು. ನಾನು ಈಗ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಎರಡು ಪಾಲು ಮಾತ್ರ ಗುಡಿಸುತ್ತೇನೆ. ಗುಡಿಸದೆ ಬಿಟ್ಟ ಪಾಲಿನ ಗುಂಡಿಗಳಿಗೆ ಬರುವ ನೀರು ತಿಳಿಯಾಗಿರುತ್ತದೆ, ಕೆರೆಯುವ ಕೆಲಸವೂ ಕಡಿಮೆ. ಮನೆಯಲ್ಲಿ ಗೊಬ್ಬರ ಸಾಲದೆಂದು ಗೊಣಗುವವರಿದ್ದಾರೆ, ಆ ಜಗಳ ಇನ್ನೂ ತೀರ್ಮಾನವಾಗಿಲ್ಲ.

ಐವತ್ತು ಸಲ ಎಂದೆ. ಮಳೆಯ ದಿನಗಳು ನೂರಕ್ಕೂ ಹೆಚ್ಚಿರುವಾಗ ಯಾಕಿಷ್ಟು ಕಡಿಮೆ ಎಂದು ಯಾರೂ ಕೇಳಲಿಲ್ಲ. ಜುಲೈ ಮಧ್ಯಕ್ಕೆ ಬೆಟ್ಟದ ಹೊಟ್ಟೆ ತುಂಬಿರುತ್ತದೆ. ತೋಟದ ಮೇಲಂಚಿನಲ್ಲಿ ನೆಲದಿಂದಲೇ ನೀರು ಏಳುತ್ತಿರುತ್ತದೆ. ಆಗ ಗುಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ಐದಾರು ವಾರ ನೀರನ್ನು ಮಣ್ಣು ಕೊಚ್ಚದಂತೆ ಸಾವಧಾನವಾಗಿ ಕಳುಹಿಸಿಕೊಡುವುದೇ ಕೆಲಸ. ಗುಂಡಿಗಳು ದುಡಿಯುವುದು ಜೂನಿನಲ್ಲಿ, ಆಮೇಲೆ ಸೆಪ್ಟೆಂಬರಿನಿಂದ. ಹಸ್ತ, ಚಿತ್ತ, ಸ್ವಾತಿ ಮಳೆಗಳು ಬಂದರೆ ನನ್ನ ಪಾಲಿಗೆ ಅವು ಪುಷ್ಯ ಮಳೆಗಿಂತ ದೊಡ್ಡವು. ಅಷ್ಟರಲ್ಲಿ ಬೆಟ್ಟ ಅರ್ಧ ಬಸಿದಿರುತ್ತದೆ, ಹೊಸ ನೀರಿಗೆ ಜಾಗ ಇರುತ್ತದೆ, ಬೇಸಿಗೆಗೂ ಹತ್ತಿರ.

ತಡವಾಗಿಸುವ ಕೆಲಸ ಅಲ್ಲಿಂದ ಶುರುವಾಗುತ್ತದೆ. ನಮ್ಮ ಹಿರಿಯರು ಹಳ್ಳಕ್ಕೆ ಅಡಿಕೆ ದಬ್ಬೆ, ಕಲ್ಲು, ಸೊಪ್ಪು, ಮಣ್ಣು ಸೇರಿಸಿ ಕಟ್ಟು ಹಾಕುತ್ತಿದ್ದರು. ಈಗ ಮರಳು ತುಂಬಿದ ಸಿಮೆಂಟ್ ಚೀಲ, ಒಳಮೈಗೆ ಪ್ಲಾಸ್ಟಿಕ್ ಹಾಳೆ. ಚೀಲವನ್ನು ಮುಕ್ಕಾಲು ಮಾತ್ರ ತುಂಬಬೇಕು, ಬಿಗಿದು ತುಂಬಿದ ಚೀಲಗಳು ಒಂದಕ್ಕೊಂದು ಕೂರುವುದಿಲ್ಲ. ಕಟ್ಟಿನ ಲಾಭ ಹಿಂದೆ ನಿಂತ ನೀರಿನಷ್ಟೇ ಅಲ್ಲ. ಹಳ್ಳದ ನೀರು ಎರಡಡಿ ಎದ್ದರೆ ಅಕ್ಕಪಕ್ಕದ ತೋಟದಿಂದ ನೀರು ಹಳ್ಳಕ್ಕೆ ಬಸಿಯುವ ಇಳಿತ ಕಡಿಮೆಯಾಗುತ್ತದೆ. ಸೋರುವ ಟ್ಯಾಂಕಿನ ತೂತಿಗೆ ಅಂಗೈ ಅಡ್ಡ ಹಿಡಿದಂತೆ. ತೋಟದ ಬಸಿಗಾಲುವೆಗಳಿಗೂ ಹೀಗೆಯೇ. ಮಳೆಗಾಲವೆಲ್ಲ ತೆರೆದಿಟ್ಟ ಕಾಲುವೆಯನ್ನು ಮಳೆ ಹಿಂದೆ ಸರಿದ ಮೇಲೆ ಅಲ್ಲಲ್ಲಿ ಎರಡೆರಡು ಚೀಲ ಇಟ್ಟು ಅರ್ಧ ಮುಚ್ಚುತ್ತೇನೆ. ಪೂರ್ತಿ ಮುಚ್ಚಿದರೆ ಅಕಾಲದ ಒಂದು ಮಳೆಗೆ ಬೇರು ಮುಳುಗುತ್ತದೆ.

ಕಾಂಕ್ರೀಟಿನ ಚೆಕ್ ಡ್ಯಾಂ ಕಟ್ಟುವವರು ಮೊದಲು ಕೋಡಿಯ ಲೆಕ್ಕ ಹಾಕಿ, ಗೋಡೆಯದ್ದು ಆಮೇಲೆ. ಮೇಲಿನ ಜಲಾನಯನ ಐವತ್ತು ಎಕರೆ, ಅಂದರೆ ಇಪ್ಪತ್ತು ಹೆಕ್ಟೇರ್. ಗಂಟೆಗೆ 60 ಮಿಲಿಮೀಟರ್‌ನ ಜಡಿಮಳೆ, ಅದರಲ್ಲಿ ಅರ್ಧ ಹರಿದು ಬರುತ್ತದೆ ಎಂದರೆ ಗಂಟೆಗೆ ಆರು ಸಾವಿರ ಘನ ಮೀಟರ್, ಸೆಕೆಂಡಿಗೆ ಸುಮಾರು 1,670 ಲೀಟರ್. ಇದು ಗೋಡೆಯ ನೆತ್ತಿಯ ಮೇಲೆ ನಲವತ್ತು ಸೆಂಟಿಮೀಟರ್ ದಪ್ಪಕ್ಕೆ ಹರಿಯಬೇಕಾದರೆ ನಾಲ್ಕು ಮೀಟರ್ ಅಗಲದ ಬಾಯಿ ಬೇಕು, ಅದರ ಮೇಲೆ ಇನ್ನೊಂದು ಅಡಿ ದಂಡೆ ಬೇಕು. ಎರಡು ಮೀಟರ್ ಬಾಯಿ ಬಿಟ್ಟರೆ ನೀರು ಗೋಡೆಯನ್ನು ಮುಟ್ಟುವುದಿಲ್ಲ, ಪಕ್ಕದ ಮಣ್ಣನ್ನು ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ಹಳ್ಳದ ನಡುವೆ ಒಂಟಿಯಾಗಿ ನಿಂತಿರುವ, ಎರಡೂ ಕಡೆಯಿಂದ ನೀರು ಹೋಗುವ ಗೋಡೆಗಳನ್ನು ನೀವೂ ನೋಡಿದ್ದೀರಿ. ಕಿಂಡಿ ಅಣೆಕಟ್ಟಿನ ಕತೆ ಬೇರೆ: ಅದರ ಗೋಡೆ ಗಟ್ಟಿ, ಹಲಗೆ ಹಾಕುವವರಿಲ್ಲ. ಜನವರಿಯಲ್ಲಿ ನೆನಪಾಗಿ ಹಲಗೆ ಹಾಕುವ ಹೊತ್ತಿಗೆ ಹಳ್ಳ ಬರೇ ಬೆರಳುದ್ದ ಹರಿಯುತ್ತಿರುತ್ತದೆ.

ಫಲ ಏನು ಎಂದು ಕೇಳುತ್ತೀರಿ. ಮಾರ್ಚಿ ಮಧ್ಯಕ್ಕೆ ಕೆಸರಾಗುತ್ತಿದ್ದ ನಮ್ಮ ಬಾವಿ ಈಗ ಏಪ್ರಿಲ್ ಮೂರನೇ ವಾರದವರೆಗೆ ಎಳೆಯುತ್ತದೆ. ಆದರೆ ಇದನ್ನು ಹಾಗೇ ನಂಬಬೇಡಿ. ಒಳ್ಳೆಯ ಹಿಂಗಾರು ಬಂದ ವರ್ಷ ಏನೂ ಮಾಡದವನ ಬಾವಿಯೂ ಉಳಿಯುತ್ತದೆ. ಅದಕ್ಕೆ ನಾನು ಅದೇ ಕಣಿವೆಯಲ್ಲಿರುವ, ಮೇಲೆ ಯಾವ ಗುಂಡಿಯೂ ಇಲ್ಲದ ಪಕ್ಕದ ಮನೆಯ ಬಾವಿಗೂ ಹದಿನೈದು ದಿನಕ್ಕೊಮ್ಮೆ ಗಂಟು ಹಾಕಿದ ಹಗ್ಗ ಇಳಿಸುತ್ತೇನೆ. ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ನನ್ನ ಖಾತೆಗೆ ಹಾಕಿಕೊಳ್ಳುತ್ತೇನೆ. ಅದು ಸುಮಾರು ಮೂರು ವಾರ. ನಲವತ್ತು ಲಕ್ಷ ಲೀಟರ್‌ನಲ್ಲಿ ಬಹುಪಾಲು ನನ್ನ ಬಾವಿಗೆ ಬರದೆ ಹಳ್ಳಕ್ಕೆ, ಕೆಳಗಿನವರ ತೋಟಕ್ಕೆ ಹೋಗಿದೆ. ಅವರು ದೀಪಾವಳಿಗೆ ಹೋಳಿಗೆ ಕಳುಹಿಸುತ್ತಾರೆ, ಲೆಕ್ಕ ಸರಿಹೋಗಿದೆ.

ಕುಮಟಾದಿಂದ ಬಂದವರೊಬ್ಬರು ಕೇಳಿದರು: ನಮ್ಮದು ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಅಂಚು, ಬಾವಿಯ ನೀರು ಮಾರ್ಚಿಗೆ ಉಪ್ಪಾಗುತ್ತದೆ, ಕೃಷಿಹೊಂಡ ಇನ್ನೂ ಆಳ ಮಾಡಲೇ? ಬೇಡ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಆಳ ಹೋದಷ್ಟೂ, ಜೋರಾಗಿ ಪಂಪು ಹಚ್ಚಿದಷ್ಟೂ ಉಪ್ಪು ಮೇಲೆ ಬರುತ್ತದೆ. ಅಗಲ ಇರಲಿ, ಆಳ ಬೇಡ. ಅಥವಾ 500 ಮೈಕ್ರಾನ್ ಹಾಳೆ ಹಾಸಿದ ಹೊಂಡವನ್ನು ದಿಬ್ಬದ ಮೇಲೆ ಮಾಡಿ. ಎರಡೂವರೆ ಮೀಟರ್ ಮಳೆ ಬೀಳುವಲ್ಲಿ ಅದು ತನ್ನ ಬಾಯಿಗೆ ಬಿದ್ದ ಮಳೆಯಿಂದಲೇ ತುಂಬುತ್ತದೆ, ಹೊರಗಿನ ಕೆಸರು ನೀರು ಬಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ತಗ್ಗಿನಲ್ಲಿ ಮಾಡಿದರೆ ಜುಲೈಯಲ್ಲಿ ಅಡಿಯ ನೀರು ಎದ್ದು ಹಾಳೆಯನ್ನು ಬಲೂನಿನಂತೆ ಎತ್ತುತ್ತದೆ. ಹಾಗೇ, ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಆ ಹಾಳೆಯ ಮೇಲೆ ಜಾರಿದ ಮಗುವಾಗಲಿ ಕರುವಾಗಲಿ ತಾನಾಗಿ ಹತ್ತಿ ಬರಲಾರದು.

ಕೊನೆಗೆ ಎದ್ದವರು ಹಿಂದಿನ ಸಾಲಿನ ಅಜ್ಜ. "ತಮ್ಮಾ, ನೀನು ಎಂಬತ್ತು ಗುಂಡಿ ಎಂದೆ. ಆರು ಎಕರೆಗೆ ನೂರಿಪ್ಪತ್ತು ಬರಬೇಕಿತ್ತಲ್ಲ?"

ಅಜ್ಜನ ಲೆಕ್ಕ ಸರಿ. ಎಕರೆಗೆ ಇಪ್ಪತ್ತರಂತೆ ನಾಲ್ಕು ಎಕರೆಯಲ್ಲಿ ಮಾತ್ರ ಅಗೆದಿದ್ದೇನೆ. ಉಳಿದ ಎರಡು ಎಕರೆ ಕಡಿದಾದ ಏರು, ಅದರ ಬುಡದಲ್ಲಿ ನಮ್ಮ ಮನೆ. ಜಂಬಿಟ್ಟಿಗೆಯ ಕೆಳಗೆ ಬಿಳಿ ಶೇಡಿಮಣ್ಣು ಇರುತ್ತದೆ. ಒಣಗಿದಾಗ ಅದು ಗೋಡೆಯಂತೆ ಗಟ್ಟಿ, ನೀರು ಕುಡಿದರೆ ಬೆಣ್ಣೆ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಬಂದದ್ದನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಒಂದೊಂದು ಕಡೆಯ ಕಾರಣ ಒಂದೊಂದು, ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ. ಆದರೆ ಕಡಿದಾದ ಗುಡ್ಡಕ್ಕೆ ನೀರು ತುಂಬಿದರೆ ಭಾರ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. ಅಂಥಲ್ಲಿ ಇಂಗಿಸಬಾರದು, ನೀರನ್ನು ಬೇಗ ದಾಟಿಸಬೇಕು. ಮರ ವಾಲಿದ್ದರೆ, ನೆಲದಲ್ಲಿ ಅರ್ಧಚಂದ್ರದ ಬಿರುಕು ಕಂಡರೆ, ಹೊಸ ಜಾಗದಲ್ಲಿ ಕೆಸರು ಒರತೆ ಎದ್ದರೆ ಗುಂಡಿಯ ಯೋಚನೆಯನ್ನೇ ಬಿಡಿ.

"ನಮ್ಮ ಮನೆಯ ಮೇಲಿನ ಏರಿನಲ್ಲಿ ಮಗ ಹೋದ ವರ್ಷ ಹತ್ತು ತೆಗೆಸಿದ್ದಾನೆ" ಎಂದರು ಅಜ್ಜ.

ಮುಚ್ಚಿಸಿ ಎಂದೆ. ಮಳೆ ಹಿಡಿಯಲು ಇನ್ನೂ ಎರಡು ವಾರ ಇದೆ. ತಳದ ದರಕು, ಕೆಸರು ಪೂರ್ತಿ ತೆಗೆದು, ಅರ್ಧರ್ಧ ಅಡಿ ಮಣ್ಣು ಹಾಕಿ ತುಳಿಸುತ್ತಾ ಬನ್ನಿ. ಸಡಿಲ ಮಣ್ಣು ತುಂಬಿದರೆ ಅದು ಮುಚ್ಚಿದ ಗುಂಡಿಯಾಗದು, ನೀರು ಕುಡಿಯುವ ಸ್ಪಂಜಾಗುತ್ತದೆ. ನೆತ್ತಿ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ. ಆಮೇಲೆ ಏರಿನ ಮೇಲಂಚಿನಲ್ಲಿ ಒಂದು ಇಳಿಜಾರು ಕಾಲುವೆ ತೆಗೆದು ನೀರನ್ನು ಹಳ್ಳದ ಕಡೆಗೆ ತಿರುಗಿಸಿ. ಮಟ್ಟ ನೋಡುವ ಪೈಪು ನನ್ನ ಬಳಿ ಇದೆ, ನಾಳೆ ಬೆಳಿಗ್ಗೆ ಆಸರಿ ಕುಡಿಯುವ ಹೊತ್ತಿಗೆ ಬರುತ್ತೇನೆ.